ಬಳಸಿದ ಕ್ರಿಕೆಟ್ ಬ್ಯಾಟ್: ಅಳತೆ, ತೂಕ, ಸವೆತ

ಒಮ್ಮೆ ಆಡಿದ ಬ್ಯಾಟನ್ನು ಮರುಮಾರಾಟಕ್ಕೆ ಇಡುವಾಗ ಅದರ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ: ಸೈಜು, ತೂಕ, ಯಾವ ವಯಸ್ಸಿನವರಿಗೆ ಹೊಂದುತ್ತದೆ ಎಂಬುದು, ಸವೆತ. ಮೊದಲ ಮೂರನ್ನು ಅಳೆದು ನೋಡಬಹುದು. ಸವೆತವನ್ನು ಮಾತ್ರ ಕಣ್ಣು, ಕಿವಿ, ಕೈ ಮೂರರಿಂದಲೂ ಪರೀಕ್ಷಿಸಬೇಕು.

ಕ್ರಿಕೆಟ್ ನಿಯಮದ ಪ್ರಕಾರ ಬ್ಯಾಟಿನ ಉದ್ದ 96.52 ಸೆಂ.ಮೀ., ಅಗಲ 10.8 ಸೆಂ.ಮೀ. ಮೀರುವಂತಿಲ್ಲ. 2017ರಿಂದ ಬ್ಲೇಡಿನ ದಪ್ಪಕ್ಕೆ 6.7 ಸೆಂ.ಮೀ., ಅಂಚಿಗೆ 4 ಸೆಂ.ಮೀ. ಮಿತಿಯೂ ಇದೆ. ಇವು ಗರಿಷ್ಠ ಮಿತಿಗಳು. ಮಕ್ಕಳ ಬ್ಯಾಟುಗಳು ಇವುಗಳಿಗಿಂತ ಬಹಳ ಚಿಕ್ಕವು. ಅವುಗಳಿಗೆ 1ರಿಂದ 6ರವರೆಗೆ ಸಂಖ್ಯೆ ಇರುತ್ತದೆ. ಆರರ ನಂತರ ಹ್ಯಾರೋ, ಆಮೇಲೆ ದೊಡ್ಡವರ ಶಾರ್ಟ್ ಹ್ಯಾಂಡಲ್. ಹೆಸರಿನಲ್ಲಿ ‘ಶಾರ್ಟ್’ ಇದ್ದರೂ ಅದು ಪೂರ್ಣ ಅಳತೆಯ ಬ್ಯಾಟೇ ಎಂಬುದು ಎಷ್ಟೋ ಪೋಷಕರಿಗೆ ತಿಳಿದಿರುವುದಿಲ್ಲ.

ಪಟ್ಟಿಯಲ್ಲಿ ವಯಸ್ಸು ಬರೆದಿದ್ದರೂ ನಂಬಬೇಕಾದದ್ದು ಎತ್ತರವನ್ನು. ಸುಮಾರು 150ರಿಂದ 157 ಸೆಂ.ಮೀ. ಎತ್ತರದವರಿಗೆ 6ನೇ ಸೈಜು, ಅದಕ್ಕಿಂತ ಮೇಲೆ 165ರವರೆಗೆ ಹ್ಯಾರೋ, ಅದನ್ನೂ ದಾಟಿದವರಿಗೆ ಶಾರ್ಟ್ ಹ್ಯಾಂಡಲ್ ಎಂಬುದು ರೂಢಿಯ ಲೆಕ್ಕ. ತಯಾರಕರಿಂದ ತಯಾರಕರಿಗೆ ಇದು ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತದೆ.

ಒಂದು ಉದಾಹರಣೆ ನೋಡೋಣ. ಹನ್ನೆರಡು ವರ್ಷದ ಹುಡುಗಿ, ಎತ್ತರ 152 ಸೆಂ.ಮೀ. ಮಾರಾಟಕ್ಕಿರುವುದು ಹ್ಯಾರೋ ಬ್ಯಾಟ್. ತೂಕ 2 ಪೌಂಡ್ 8 ಔನ್ಸ್, ಅಂದರೆ ಸುಮಾರು 1,134 ಗ್ರಾಂ. ‘ಮಗು ಬೆಳೆಯುತ್ತೆ, ಒಂದು ಸೈಜು ದೊಡ್ಡದೇ ಇರಲಿ’ ಎಂದು ಕೊಳ್ಳುವವರೇ ಹೆಚ್ಚು. ಶೂ ವಿಷಯದಲ್ಲಿ ನಡೆಯುವ ಈ ಲೆಕ್ಕ ಬ್ಯಾಟಿಗೆ ನಡೆಯುವುದಿಲ್ಲ. ಉದ್ದದ ಹ್ಯಾಂಡಲಿನ ತುದಿ ಪ್ಯಾಡಿಗೋ ಹೊಟ್ಟೆಗೋ ತಾಗುತ್ತದೆ. ಭಾರ ತಾಳಲಾಗದೆ ಕೆಳಗಿನ ಕೈ ಬ್ಯಾಟನ್ನು ಎಳೆಯತೊಡಗುತ್ತದೆ, ನೇರವಾಗಿ ಬರಬೇಕಾದ ಬ್ಯಾಟ್ ಅಡ್ಡ ಬರುತ್ತದೆ. ಪರೀಕ್ಷೆ ಸುಲಭ: ಮೇಲಿನ ಕೈಯೊಂದರಿಂದಲೇ, ಅಂದರೆ ಬಲಗೈ ಆಟಗಾರ್ತಿಯಾದರೆ ಎಡಗೈಯಿಂದ, ಬ್ಯಾಟನ್ನು ಮುಂದಕ್ಕೆ ಚಾಚಿ ಅರ್ಧ ನಿಮಿಷ ಹಿಡಿಯಲಿ. ತೋಳು ನಡುಗಿ ಬ್ಯಾಟ್ ಇಳಿಯತೊಡಗಿದರೆ ಅದು ಅವಳಿಗೆ ಭಾರವೇ. ಈ ಹುಡುಗಿಗೆ ಒಂದು ಕೆ.ಜಿ. ಆಸುಪಾಸಿನ 6ನೇ ಸೈಜು ಸರಿ.

ತೂಕದ ಅಂಕಿಯನ್ನೂ ಹಾಗೇ ಒಪ್ಪಬಾರದು. ಒಂದು ರಬ್ಬರ್ ಗ್ರಿಪ್ಪೇ ಸುಮಾರು 50 ಗ್ರಾಂ ಬರುತ್ತದೆ. ಹಳೆಯ ಬ್ಯಾಟಿನಲ್ಲಿ ಒಂದರ ಮೇಲೊಂದು ಎರಡು ಮೂರು ಗ್ರಿಪ್ ಇರುವುದುಂಟು. ಅವು ಮೇಲ್ಭಾಗದಲ್ಲಿ ಇರುವುದರಿಂದ ಬ್ಯಾಟ್ ತಕ್ಕಡಿಯಲ್ಲಿ ಹೆಚ್ಚು ತೂಗಿದರೂ ಎತ್ತುವಾಗ ಹಗುರ ಎನಿಸಬಹುದು. ಬುಡದಲ್ಲಿ ಮರ ಹೆಚ್ಚಿದ್ದರೆ ಇದರ ತಿರುಗುಮುರುಗು.

ಈಗ ಸವೆತ. ಮುಖದ ಮೇಲಿನ ಕೆಂಪು ಕಲೆ, ಚೆಂಡಿನ ಹೊಲಿಗೆಯ ಗುರುತು, ಅಂಚಿನ ಬಳಿ ಕೂದಲೆಳೆಯಂಥ ಬಿರುಕು, ಇವು ವಿಲ್ಲೋ ಮರದ ಬ್ಯಾಟಿಗೆ ಸಹಜ. ಲೆದರ್ ಬಾಲ್ ಆಡಿದ ಬ್ಯಾಟಿನಲ್ಲಿ ಇವು ಇಲ್ಲದಿದ್ದರೇ ಅನುಮಾನ ಬರಬೇಕು, ಯಾಕೆಂದರೆ ಹೊಸ ಸ್ಟಿಕ್ಕರ್ ಮತ್ತು ಪಾರದರ್ಶಕ ಹಾಳೆ ಅಂಟಿಸಿ ಬಿರುಕು ಮುಚ್ಚುವುದು ಕಷ್ಟವೇನಲ್ಲ. ಎಳೆಯ ಉದ್ದಕ್ಕೆ ಹೋಗುವ ಸಣ್ಣ ಸೀಳನ್ನು ಅಂಟು ತುಂಬಿ, ಟೇಪ್ ಬಿಗಿದು ಸರಿಪಡಿಸಬಹುದು. ಎಳೆಗೆ ಅಡ್ಡವಾಗಿ ಬ್ಲೇಡನ್ನು ದಾಟುವ ಬಿರುಕು ಮಾತ್ರ ಬ್ಯಾಟ್ ಮುರಿಯುವ ಮುನ್ಸೂಚನೆ.

ಎಲ್ಲಕ್ಕಿಂತ ಮೊದಲು ಹಾಳಾಗುವುದು ಬುಡ, ಆಟಗಾರರ ಮಾತಿನಲ್ಲಿ ಟೋ. ಒದ್ದೆ ನೆಲದಲ್ಲಿ ಬ್ಯಾಟ್ ಕುಟ್ಟುತ್ತಾ ನಿಂತರೆ ಅಲ್ಲಿ ನೀರು ಹೀರಿ ಮರ ಉಬ್ಬುತ್ತದೆ, ಒಣಗಿದಾಗ ಎಳೆಗಳು ಬಿಡುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದ ನಂತರ ಇದನ್ನು ವಿಶೇಷವಾಗಿ ನೋಡಬೇಕು. ಬುಡದ ದಪ್ಪ ಎರಡೂ ಬದಿಗೆ ಒಂದೇ ಸಮ ಇದೆಯೇ ಎಂದು ಬೆರಳಿಂದ ಸವರಿ ತಿಳಿಯಬಹುದು. ಕಾಂಕ್ರೀಟ್ ಪಿಚ್ಚಿನಲ್ಲಿ ಆಡಿದ್ದಾದರೆ ಬುಡ ಓರೆಯಾಗಿ ತೇದಿರುತ್ತದೆ.

ಬೆತ್ತದ ಹ್ಯಾಂಡಲ್ ಬ್ಲೇಡಿನೊಳಗೆ ಸೇರುವ ‘ವಿ’ ಆಕಾರದ ಬೆಸುಗೆಯಲ್ಲಿ ಉಗುರು ಹೊಕ್ಕುವಷ್ಟು ಸಂದು ಇದ್ದರೆ, ಅಥವಾ ಬ್ಲೇಡನ್ನು ಮಂಡಿಗೆ ಒತ್ತಿ ಹ್ಯಾಂಡಲ್ ಬಗ್ಗಿಸಿದಾಗ ಕಿರ್ ಎಂದರೆ ಅಂಟು ಬಿಟ್ಟಿದೆ ಎಂದರ್ಥ. ಕಡೆಯದಾಗಿ, ಹಳೆಯ ಲೆದರ್ ಬಾಲೊಂದನ್ನು ಮುಖದ ಮಧ್ಯಭಾಗದ ಮೇಲೆ ಪುಟಿಸಬೇಕು. ಚುರುಕಾಗಿ ಟಕ್ ಎಂದು ಚೆಂಡು ಎದ್ದರೆ ಮರದಲ್ಲಿ ಜೀವವಿದೆ. ಅಲ್ಲೇ ಮಂದವಾಗಿ ದಬ್ ಎಂದರೆ ಎಳೆಗಳು ಜಜ್ಜಿಹೋಗಿವೆ, ಇಲ್ಲವೇ ಅಗಸೆ ಎಣ್ಣೆ ಅತಿಯಾಗಿ ಕುಡಿದಿವೆ.

ಹೊಸ ಟೋ ಗಾರ್ಡ್, ಹೊಸ ಗ್ರಿಪ್, ಅಂಚಿಗೆ ಟೇಪ್ ಇವಿಷ್ಟೂ ಸಣ್ಣ ಖರ್ಚಿನ ರಿಪೇರಿ. ಹ್ಯಾಂಡಲ್ ಬದಲಿಸುವುದು ನುರಿತವರ ಕೆಲಸ. ಮಕ್ಕಳ ಸೈಜಿನ ಬ್ಯಾಟಿಗೆ ಅದನ್ನು ಮಾಡಿಸುವ ಬದಲು ಬೇರೆ ಬ್ಯಾಟ್ ಕೊಳ್ಳುವುದೇ ಲೇಸು.