ಒಂದೇ ಮಗ್ಗ, ಎರಡು ಲಾಭ

ಕಂಪನಿಯ ವಾರ್ಷಿಕ ವರದಿಯಲ್ಲಿ ಅಢಾವೆ ಪತ್ರಿಕೆಯ ಜೊತೆಗೆ 'ಪ್ರಮುಖ ಲೆಕ್ಕಪತ್ರ ನೀತಿಗಳು' ಎಂಬ ಟಿಪ್ಪಣಿ ಇರುತ್ತದೆ. ಲಾಭವನ್ನು ಯಾವ ಪದ್ಧತಿಯಲ್ಲಿ ಲೆಕ್ಕ ಹಾಕಿದ್ದಾರೆ ಎಂಬುದು ತಿಳಿಯುವುದು ಇಲ್ಲೇ. ಹೆಚ್ಚಿನವರು ಇದನ್ನು ಓದುವುದೇ ಇಲ್ಲ.

ಸೊಲ್ಲಾಪುರದಲ್ಲಿ ಟವೆಲ್ ನೇಯುವ ಎರಡು ಕಂಪನಿಗಳಿವೆ ಎಂದುಕೊಳ್ಳಿ. ಎರಡೂ ತಲಾ 10 ಲಕ್ಷ ರೂಪಾಯಿಯ ಮಗ್ಗ ಕೊಂಡಿವೆ. ಬಾಳಿಕೆ 10 ವರ್ಷ, ಕೊನೆಗೆ ಗುಜರಿ ಬೆಲೆ 50 ಸಾವಿರ. ಸವಕಳಿ ಕಳೆಯುವ ಮುನ್ನ ಎರಡರ ವಾರ್ಷಿಕ ಲಾಭವೂ 4 ಲಕ್ಷ.

ಮೊದಲನೆಯದು ಸಮಾನ ಕಂತಿನ ಪದ್ಧತಿಯಂತೆ ಪ್ರತಿ ವರ್ಷ 95,000 ರೂ. ಸವಕಳಿ ಕಳೆಯುತ್ತದೆ. ಉಳಿಯುವ ಲಾಭ 3,05,000. ಎರಡನೆಯದು ಪ್ರತಿ ವರ್ಷ ಬಾಕಿ ಉಳಿದ ಬೆಲೆಯ ಮೇಲೆ ಶೇ. 25.89ರಂತೆ ಕಳೆಯುತ್ತದೆ. ಮೊದಲ ವರ್ಷ 2,58,900 ಹೋಗಿ ಲಾಭ 1,41,100 ಮಾತ್ರ! ಆದರೆ 5ನೇ ವರ್ಷಕ್ಕೆ ಇದರ ಸವಕಳಿ ಸುಮಾರು 78,100ಕ್ಕೆ ಇಳಿಯುತ್ತದೆ, ಆಗ ಲಾಭದಲ್ಲಿ ಎರಡನೆಯದೇ ಮುಂದು. ಹತ್ತು ವರ್ಷದ ಒಟ್ಟು ಸವಕಳಿ ಎರಡಕ್ಕೂ ಒಂದೇ, 9.5 ಲಕ್ಷ.

ಗಲ್ಲಾಪೆಟ್ಟಿಗೆಯ ಹಣದಲ್ಲಿ ವ್ಯತ್ಯಾಸವಿಲ್ಲ. ಆದಾಯ ತೆರಿಗೆಗೆ ಸವಕಳಿಯ ದರಗಳೇ ಬೇರೆ, ಹಾಗಾಗಿ ತೆರಿಗೆಯೂ ಬದಲಾಗದು.

ಮಾರಾಟ ಏರದೆ ಲಾಭ ಮಾತ್ರ ಜಿಗಿದಿದ್ದರೆ ಹಿಂದಿನ ವರ್ಷದ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ಓದಿ. ಸವಕಳಿ ಪದ್ಧತಿಯನ್ನೋ ಯಂತ್ರದ ಬಾಳಿಕೆಯನ್ನೋ ಬದಲಿಸಿರಬಹುದು.