ಮೆಟ್‌ಫಾರ್ಮಿನ್ ಮತ್ತು ಮೂತ್ರಪಿಂಡ: ಪ್ರಮಾಣದ ಮಿತಿಗಳು

ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ದೇಹದೊಳಗೆ ವಿಭಜನೆಯಾಗುವುದಿಲ್ಲ. ಸೇವಿಸಿದ ರೂಪದಲ್ಲೇ ಮೂತ್ರದ ಮೂಲಕ ಹೊರಬೀಳುತ್ತದೆ. ಮೂತ್ರಪಿಂಡ ಸೋತರೆ ಔಷಧ ರಕ್ತದಲ್ಲಿ ಉಳಿಯುತ್ತದೆ. ಆಗ ಲ್ಯಾಕ್ಟಿಕ್ ಆಮ್ಲ ಏರಿ ರಕ್ತ ಆಮ್ಲೀಯವಾಗುವ ಲ್ಯಾಕ್ಟಿಕ್ ಅಸಿಡೋಸಿಸ್‌ನ ಭಯವಿರುತ್ತದೆ. ಇದು ಅಪರೂಪ, ಆದರೆ ಬಂದರೆ ಪ್ರಾಣಾಪಾಯ.

ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ 1957ರಲ್ಲಿ ಬಳಕೆಗೆ ತಂದ ಈ ಔಷಧದ ಮೇಲಿನ ಅಂಜಿಕೆ ಬಹುಪಾಲು ಅದರ ದಾಯಾದಿ ಫೆನ್‌ಫಾರ್ಮಿನ್‌ನಿಂದ ಬಂದದ್ದು. ಲ್ಯಾಕ್ಟಿಕ್ ಅಸಿಡೋಸಿಸ್‌ನಿಂದಾದ ಸಾವುಗಳ ಕಾರಣ ಅಮೆರಿಕ 1977ರಲ್ಲಿ ಫೆನ್‌ಫಾರ್ಮಿನ್ ಮಾರಾಟಕ್ಕೆ ತಡೆಯೊಡ್ಡಿತು. 1994ರಲ್ಲಿ ಅಲ್ಲಿ ಮೆಟ್‌ಫಾರ್ಮಿನ್‌ಗೆ ಒಪ್ಪಿಗೆ ಸಿಕ್ಕಾಗ ಕಟ್ಟುನಿಟ್ಟಿನ ಗೆರೆಯೊಂದೂ ಜೊತೆಗೆ ಬಂತು. ರಕ್ತದ ಕ್ರಿಯಾಟಿನಿನ್ ಗಂಡಸರಲ್ಲಿ 1.5, ಹೆಂಗಸರಲ್ಲಿ 1.4 ಮುಟ್ಟಿದರೆ ಮಾತ್ರೆ ಕೊಡುವಂತಿರಲಿಲ್ಲ.

ಈ ಗೆರೆ ಸರಳವಾಗಿತ್ತು, ನ್ಯಾಯವಾಗಿರಲಿಲ್ಲ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ವಸ್ತು. ವಯಸ್ಸಾದಂತೆ ಸ್ನಾಯು ಕರಗುವುದರಿಂದ ಮೂತ್ರಪಿಂಡ ಕುಂದಿದ್ದರೂ ಅದರ ಅಂಕಿ ಅಷ್ಟಾಗಿ ಏರದು. ವಯಸ್ಸು, ಲಿಂಗಗಳನ್ನೂ ಲೆಕ್ಕಕ್ಕೆ ಹಿಡಿಯುವ ಸೋಸುವಿಕೆಯ ಅಂದಾಜು, ಅಂದರೆ ಇಜಿಎಫ್‌ಆರ್, ಇದನ್ನು ಬಯಲಿಗೆ ತರುತ್ತದೆ. ಕ್ರಿಯಾಟಿನಿನ್ 1.5 ಇರುವ 40 ವರ್ಷದ ಗಂಡಸಿನ ಇಜಿಎಫ್‌ಆರ್ ಸುಮಾರು 60; 1.3 ಇರುವ 72 ವರ್ಷದ ಹೆಂಗಸಿನದು ಸುಮಾರು 44. ಹಳೆಯ ನಿಯಮ ಅವನಿಗೆ ಮಾತ್ರೆ ನಿರಾಕರಿಸಿ ಆಕೆಗೆ ಪೂರ್ತಿ ಪ್ರಮಾಣ ಬಿಡುತ್ತಿತ್ತು.

2016ರಲ್ಲಿ ಅಮೆರಿಕದ ಎಫ್‌ಡಿಎ, ಅದೇ ವರ್ಷ ಯುರೋಪಿನ ಔಷಧ ಸಂಸ್ಥೆ, ನಿಯಮವನ್ನು ಇಜಿಎಫ್‌ಆರ್‌ಗೆ ಬದಲಾಯಿಸಿದವು. 30ಕ್ಕಿಂತ ಕೆಳಗೆ ಔಷಧ ನಿಲ್ಲಿಸಬೇಕೆಂಬುದರಲ್ಲಿ ಎರಡೂ ಒಂದೇ. 30ರಿಂದ 45ರ ನಡುವೆ ಹೊಸದಾಗಿ ಶುರುಮಾಡುವುದು ಬೇಡವೆಂದು ಎಫ್‌ಡಿಎ ಹೇಳಿತು; ಈಗಾಗಲೇ ಸೇವಿಸುತ್ತಿರುವವರಲ್ಲಿ ಲಾಭ-ಅಪಾಯ ತೂಗಿ ನೋಡಲು ಸೂಚಿಸಿತು. ಯುರೋಪ್ ಪ್ರಮಾಣವನ್ನೇ ನಿಗದಿಪಡಿಸಿತು: 45ರಿಂದ 59ರವರೆಗೆ ದಿನಕ್ಕೆ ಹೆಚ್ಚೆಂದರೆ 2000 ಮಿಲಿಗ್ರಾಂ, 30ರಿಂದ 44ರವರೆಗೆ 1000. ಮೇಲಿನ ಹೆಂಗಸು ದಿನಕ್ಕೆರಡು ಬಾರಿ 1000 ಮಿಲಿಗ್ರಾಂ ಸೇವಿಸುತ್ತಿದ್ದರೆ ಅದನ್ನು ಅರ್ಧಕ್ಕಿಳಿಸಿ 500ರಂತೆ ಎರಡು ಹೊತ್ತು ಕೊಡಬೇಕಾಗುತ್ತದೆ. ಅಲ್ಲಿಂದಾಚೆ ವರ್ಷಕ್ಕೊಮ್ಮೆಯ ರಕ್ತಪರೀಕ್ಷೆ ಸಾಲದು, ಮೂರರಿಂದ ಆರು ತಿಂಗಳಿಗೊಮ್ಮೆ ಬೇಕು.

ಆದರೆ ಇಜಿಎಫ್‌ಆರ್ ನಂಬಿಕೆಗೆ ಅರ್ಹವಾಗುವುದು ಕ್ರಿಯಾಟಿನಿನ್ ಸ್ಥಿರವಾಗಿದ್ದಾಗ ಮಾತ್ರ. ಇದೇ ಹೆಂಗಸಿಗೆ ಜೋರು ವಾಂತಿ-ಭೇದಿಯಾಗಿ ನೀರಿನಂಶ ಬತ್ತಿದರೆ ಮೂತ್ರಪಿಂಡ ಒಂದೆರಡು ದಿನದಲ್ಲೇ ಕುಸಿಯಬಹುದು. ಕ್ರಿಯಾಟಿನಿನ್ ನಿಧಾನವಾಗಿ ಏರುವುದರಿಂದ ವರದಿಯ ಅಂಕಿ ವಾಸ್ತವಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಅಂಕಿಗೆ ಕಾಯದೆ ಮಾತ್ರೆ ತಡೆಹಿಡಿದು ವೈದ್ಯರನ್ನು ಕಾಣಬೇಕು. ಏದುಸಿರು, ಹೊಟ್ಟೆನೋವು, ಸ್ನಾಯು ಸೆಳೆತ, ಮಂಪರು ಜೊತೆಯಾದರೆ ಅದು ತುರ್ತು ಚಿಕಿತ್ಸೆಯ ವಿಷಯ. ಇಜಿಎಫ್‌ಆರ್ 30ರಿಂದ 60ರ ನಡುವೆ ಇರುವವರಿಗೆ ಸ್ಕ್ಯಾನಿಂಗ್‌ಗಾಗಿ ಅಯೋಡಿನ್‌ಯುಕ್ತ ದ್ರವ ಚುಚ್ಚುವಾಗಲೂ ಎಫ್‌ಡಿಎ ಪ್ರಕಾರ ಮಾತ್ರೆ ನಿಲ್ಲಿಸಬೇಕು. 48 ಗಂಟೆಯ ನಂತರ ಮರುಪರೀಕ್ಷಿಸಿ, ಮೂತ್ರಪಿಂಡ ಸ್ಥಿರವಾಗಿದ್ದರೆ ಮತ್ತೆ ಆರಂಭಿಸಬಹುದು.