ವ್ಯಾಂಕೊಮೈಸಿನ್ ಪ್ರಮಾಣ ನಿರ್ಣಯ: ಟ್ರಫ್ ಮಟ್ಟದಿಂದ ಎಯುಸಿಯವರೆಗೆ

1958ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆದ ವ್ಯಾಂಕೊಮೈಸಿನ್‌ನ ಆರಂಭದ ತಯಾರಿಕೆಗಳು ಕಂದು ಬಣ್ಣದ ಕಶ್ಮಲದಿಂದ ಕೂಡಿದ್ದವು. ಅಂದು ಕಂಡ ಮೂತ್ರಪಿಂಡದ ಹಾನಿಗೆ ಆ ಕಶ್ಮಲವೇ ಮುಖ್ಯ ಕಾರಣವೆಂದು ಬಹುಕಾಲ ಭಾವಿಸಲಾಗಿತ್ತು. ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಸೋಂಕುಗಳು ಹೆಚ್ಚಿದಂತೆ ಶುದ್ಧೀಕರಿಸಿದ ಔಷಧದ ಬಳಕೆಯೂ ಹೆಚ್ಚಿತು. ಆದರೆ ಔಷಧದ ಬಹುಪಾಲು ಮೂತ್ರಪಿಂಡದ ಮೂಲಕವೇ ದೇಹದಿಂದ ಹೊರಹೋಗುವುದರಿಂದ, ಎಷ್ಟು ಕೊಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅಮೆರಿಕದ ತಜ್ಞ ಸಂಸ್ಥೆಗಳು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಗಂಭೀರ ಸೋಂಕುಗಳಲ್ಲಿ ಟ್ರಫ್ ಮಟ್ಟವನ್ನು, ಅಂದರೆ ಮುಂದಿನ ಡೋಸ್‌ಗೆ ಸ್ವಲ್ಪ ಮೊದಲು ರಕ್ತದಲ್ಲಿ ಉಳಿದಿರುವ ಔಷಧದ ಸಾಂದ್ರತೆಯನ್ನು, ಲೀಟರಿಗೆ 15ರಿಂದ 20 ಮಿಲಿಗ್ರಾಂ ಇರಿಸಬೇಕೆಂದಿತು. ಔಷಧದ ಫಲ ನಿಜವಾಗಿ ಅವಲಂಬಿಸಿರುವುದು ಎಯುಸಿಯನ್ನು, ಎಂದರೆ ದಿನವಿಡೀ ರಕ್ತದಲ್ಲಿ ಔಷಧ ಏರಿಳಿಯುವ ರೇಖೆಯ ಕೆಳಗಿನ ವಿಸ್ತೀರ್ಣವನ್ನು. ಅದನ್ನು ಲೆಕ್ಕಹಾಕುವುದು ವಾರ್ಡಿನಲ್ಲಿ ಕಷ್ಟವಾದ್ದರಿಂದ ಟ್ರಫ್ ಅದರ ಪ್ರತಿನಿಧಿಯಾಯಿತು. ಈ ಬದಲಿಯೇ ಮುಂದೆ ತೊಂದರೆ ತಂದಿತು.

12 ಗಂಟೆಗೊಮ್ಮೆ, ಒಂದು ಗಂಟೆಯ ಅವಧಿಯಲ್ಲಿ 1000 ಮಿಲಿಗ್ರಾಂ ಪಡೆಯುತ್ತಿರುವ ರೋಗಿಯೊಬ್ಬರನ್ನು ಉದಾಹರಣೆಗೆ ಊಹಿಸಬಹುದು. ಡ್ರಿಪ್ ಮುಗಿದ ಒಂದು ಗಂಟೆಗೆ ತೆಗೆದ ರಕ್ತದಲ್ಲಿ ಲೀಟರಿಗೆ 30 ಮಿಲಿಗ್ರಾಂ, ಮುಂದಿನ ಡೋಸ್‌ಗೆ ಅರ್ಧ ಗಂಟೆ ಮೊದಲು 15 ಮಿಲಿಗ್ರಾಂ ಕಂಡರೆ, ಒಂಬತ್ತೂವರೆ ಗಂಟೆಯಲ್ಲಿ ಔಷಧ ಅರ್ಧಕ್ಕೆ ಇಳಿದಿದೆ ಎಂದಾಯಿತು. ಇದರಿಂದ ಲೆಕ್ಕಹಾಕಿದ 24 ಗಂಟೆಗಳ ಎಯುಸಿ ಸುಮಾರು 535. ಟ್ರಫ್ 20 ಆಗಲೆಂದು ಡೋಸನ್ನು ಮೂರನೇ ಒಂದರಷ್ಟು ಹೆಚ್ಚಿಸಿದರೆ ಎಯುಸಿ 700 ದಾಟುತ್ತದೆ. 2020ರ ಪರಿಷ್ಕೃತ ಮಾರ್ಗಸೂಚಿಯು ಗಂಭೀರ ಎಂಆರ್‌ಎಸ್‌ಎ ಸೋಂಕಿನಲ್ಲಿ ಎಯುಸಿಯನ್ನು 400ರಿಂದ 600ರೊಳಗೆ ಇರಿಸಲು ಹೇಳಿ, ಕೇವಲ ಟ್ರಫ್ ನೋಡಿ 15–20ರ ಗುರಿ ಇಡುವುದನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರವೆಂಬುದಕ್ಕೆ ಈ ಲೆಕ್ಕವೇ ಸಾಕು. ಆದರೆ ರಕ್ತ ತೆಗೆದ ವೇಳೆಯನ್ನು ತಪ್ಪಾಗಿ ಬರೆದರೆ, ಅಥವಾ ಔಷಧ ಹರಿಸುವ ನಳಿಕೆಯಿಂದಲೇ ರಕ್ತ ತೆಗೆದರೆ, ಲೆಕ್ಕ ಎಷ್ಟೇ ಶುದ್ಧವಾಗಿದ್ದರೂ ಉತ್ತರ ಸುಳ್ಳಾಗುತ್ತದೆ.

ಮೂತ್ರಪಿಂಡದ ನಿಗಾ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ನಾಯುಗಳಿಂದ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್ 48 ಗಂಟೆಗಳಲ್ಲಿ ಡೆಸಿಲೀಟರಿಗೆ 0.9ರಿಂದ 1.2 ಮಿಲಿಗ್ರಾಂಗೆ ಏರಿದರೆ, ಪ್ರಯೋಗಾಲಯದ ವರದಿ ಅದನ್ನು ಸಹಜ ಮಿತಿಯೊಳಗೇ ತೋರಿಸಬಹುದು, ಆದರೂ 0.3ರ ಆ ಏರಿಕೆ ತೀವ್ರ ಮೂತ್ರಪಿಂಡ ಹಾನಿಯ ವ್ಯಾಖ್ಯೆಗೆ ಒಳಪಡುತ್ತದೆ. ಪೈಪರಾಸಿಲಿನ್–ಟಾಜೊಬ್ಯಾಕ್ಟಮ್ ಜೊತೆಗೆ ಕೊಟ್ಟಾಗ ಕ್ರಿಯಾಟಿನಿನ್ ಏರುವುದು ಹೆಚ್ಚು ಕಾಣುತ್ತದೆ. ಅದರಲ್ಲಿ ಎಷ್ಟು ಪಾಲು ನಿಜವಾದ ಹಾನಿ, ಎಷ್ಟು ಪಾಲು ಕ್ರಿಯಾಟಿನಿನ್ ವಿಸರ್ಜನೆಯ ತಡೆ ಎಂಬ ಚರ್ಚೆ ಮುಗಿದಿಲ್ಲ. ಮೂತ್ರಪಿಂಡ ಕುಸಿದ ಕೆಲಕಾಲದ ನಂತರವಷ್ಟೇ ಕ್ರಿಯಾಟಿನಿನ್ ಏರುವುದರಿಂದ, ಡೋಸ್ ಬದಲಾಗದೆಯೂ ವ್ಯಾಂಕೊಮೈಸಿನ್ ಮಟ್ಟ ಏರತೊಡಗಿದ್ದರೆ ಅದನ್ನೇ ಮೊದಲ ಸೂಚನೆಯೆಂದು ಎಣಿಸಬೇಕಾಗುತ್ತದೆ. ಅಂಥ ಸ್ಥಿತಿಯಲ್ಲಿ ಹಿಂದಿನ ದಿನದ ಅರ್ಧಾಯುಷ್ಯವನ್ನು ನಂಬುವಂತಿಲ್ಲ. ನಿಗದಿತ ವೇಳೆಯ ಡೋಸನ್ನು ತಡೆಹಿಡಿದು, ಮತ್ತೆ ರಕ್ತದ ಮಟ್ಟ ನೋಡಿ, ಅದು ಸಾಕಷ್ಟು ಇಳಿದ ಮೇಲೆ ಮುಂದಿನ ಡೋಸ್ ಕೊಡಲಾಗುತ್ತದೆ.